ಪಾರ್ಸೆಲ್ ಕಳೆದುಹೋದಾಗ ಕೊರಿಯರ್ ಕಂಪನಿಯ ಹೊಣೆ ಎಷ್ಟು? ರಸೀದಿಯಲ್ಲಿ ಮುದ್ರಿಸಿದ ಮಿತಿಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದೊಳಗೆ ರಸ್ತೆಯ ಮೂಲಕ ಸಾಗುವ ಪಾರ್ಸೆಲ್ ಕಳೆದುಹೋದಾಗ ಅನ್ವಯಿಸುವ ಕಾನೂನನ್ನು ಈ ಪುಟದಲ್ಲಿ ವಿವರಿಸಲಾಗಿದೆ. ವಿಮಾನದಲ್ಲಿ ಹೋದ ಪಾರ್ಸೆಲ್ ಮತ್ತು ಅಂಚೆ ಇಲಾಖೆಯ ಪಾರ್ಸೆಲ್ ಕುರಿತು ಪ್ರತ್ಯೇಕ ಪ್ರಶ್ನೆಗಳಿವೆ.

ರಸೀದಿಯ ಹಿಂಬದಿಯಲ್ಲಿ "ನಮ್ಮ ಗರಿಷ್ಠ ಹೊಣೆ 100 ರೂಪಾಯಿ" ಎಂದು ಮುದ್ರಿಸಿದ್ದಾರೆ. ಪಾರ್ಸೆಲ್ ಕಳೆದುಹೋದರೆ ನನಗೆ ಸಿಗುವುದು ಅಷ್ಟೇ ಏನು?

ಬಹಳಷ್ಟು ಪ್ರಕರಣಗಳಲ್ಲಿ ಅಷ್ಟೇ ಅಲ್ಲ. ಕೌಂಟರಿನಲ್ಲಿ ಕುಳಿತವರು ಆ ಸಾಲನ್ನು ತೋರಿಸಿ "ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದು ಹೇಳಿದ ಕೂಡಲೇ ಅನೇಕರು ಹಿಂದಿರುಗಿಬಿಡುತ್ತಾರೆ. ಆದರೆ ಪರಿಹಾರದ ಮೊತ್ತವನ್ನು ಮುದ್ರಿತ ಸಾಲೊಂದೇ ನಿರ್ಧರಿಸುವುದಿಲ್ಲ. ಬುಕಿಂಗ್ ಸಮಯದಲ್ಲಿ ವಸ್ತುವಿನ ಮೌಲ್ಯವನ್ನು ನೀವು ಏನೆಂದು ಬರೆಸಿದಿರಿ, ಕಂಪನಿಯೇ ಹೆಚ್ಚಿನ ಹೊಣೆ ಹೊರಲು ಪಡೆಯುವ ಹೆಚ್ಚುವರಿ ಅಪಾಯದ ದರವನ್ನು ಕಟ್ಟಿದಿರೋ ಇಲ್ಲವೋ, ಷರತ್ತುಗಳಿಗೆ ಸಹಿ ಹಾಕಿದಿರೋ ಇಲ್ಲವೋ, ವಸ್ತು ಕಳೆದುಹೋದದ್ದು ಹೇಗೆ ಎಂಬ ಅಂಶಗಳೆಲ್ಲವೂ ಸೇರಿ ಆ ಮೊತ್ತ ನಿಗದಿಯಾಗುತ್ತದೆ. ಇವುಗಳಲ್ಲಿ ಮೊದಲ ಮೂರು ಬುಕಿಂಗ್ ದಿನವೇ ತೀರ್ಮಾನವಾಗಿರುತ್ತವೆ. ನಾಲ್ಕನೆಯದನ್ನು ಪಾರ್ಸೆಲ್ ಕಳೆದ ಮೇಲೆ ಕಂಪನಿಯ ದಾಖಲೆಗಳಿಂದಲೇ ಹೊರತೆಗೆಯಬೇಕಾಗುತ್ತದೆ.

ಇದಕ್ಕೆ ಅನ್ವಯಿಸುವ ಕಾನೂನು ಯಾವುದು? ಅದು ಲಾರಿ ಸಾಗಣೆಗೆ ಮಾತ್ರವೋ, ಕೊರಿಯರ್‌ಗೂ ಅನ್ವಯಿಸುತ್ತದೆಯೋ?

ಮುಖ್ಯವಾದುದು 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ. ಬ್ರಿಟಿಷರ ಕಾಲದ 1865ರ ಸಾಗಣೆದಾರರ ಕಾಯ್ದೆಯನ್ನು ರದ್ದುಪಡಿಸಿ, 2011ರ ಮಾರ್ಚ್ 1ರಿಂದ ಇದು ಜಾರಿಗೆ ಬಂದಿತು. ಕಾಯ್ದೆಯ 2ನೇ ಕಲಮಿನಲ್ಲಿರುವ "ಸಾರ್ವಜನಿಕ ಸಾಗಣೆದಾರ" ಎಂಬ ಪದದ ವ್ಯಾಖ್ಯೆಯೊಳಗೆ ಸರಕು ಬುಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ್ ಮತ್ತು ಬ್ರೋಕರ್ ಜೊತೆಗೆ ಮನೆಬಾಗಿಲಿನಿಂದ ಮನೆಬಾಗಿಲಿಗೆ ದಾಖಲೆ ಅಥವಾ ವಸ್ತುಗಳನ್ನು ತಲುಪಿಸುವ ಕೊರಿಯರ್ ಏಜೆನ್ಸಿಯೂ ಸ್ಪಷ್ಟವಾಗಿ ಸೇರಿದೆ. ಹೀಗಾಗಿ "ನಾವು ಕೊರಿಯರ್‌ನವರು, ಆ ಕಾನೂನು ಟ್ರಾನ್ಸ್‌ಪೋರ್ಟ್‌ನವರಿಗೆ" ಎಂಬ ಉತ್ತರಕ್ಕೆ ಆಧಾರವಿಲ್ಲ. ಸರ್ಕಾರವನ್ನು ಮಾತ್ರ ಈ ವ್ಯಾಖ್ಯೆಯಿಂದ ಹೊರಗಿಡಲಾಗಿದೆ.

ಇದರ ಜೊತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ಸಾಗಣೆಯೂ ಆ ಕಾಯ್ದೆಯ ಅರ್ಥದಲ್ಲಿ ಒಂದು ಸೇವೆಯಾಗಿರುವುದರಿಂದ, ಪಾರ್ಸೆಲ್ ಕಳೆದುಕೊಂಡ ಕಂಪನಿಯ ವಿರುದ್ಧ ಸೇವಾ ನ್ಯೂನತೆಯ ದೂರು ಕೊಡಬಹುದು.

ಕಾನೂನೇ ನಿಗದಿಪಡಿಸಿದ ಮಿತಿ ಯಾವುದಾದರೂ ಇದೆಯೇ?

ಇದೆ. ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿಯೂ ಇದೇ ಆಗಿದೆ. ಕಾಯ್ದೆಯ 10ನೇ ಕಲಮಿನ ಪ್ರಕಾರ, ಕಳುಹಿಸುವವರು ಹೆಚ್ಚಿನ ಅಪಾಯದ ದರವನ್ನು ಕಟ್ಟಲು ಒಪ್ಪದೇ ಇದ್ದಾಗ, ಸಾಗಣೆದಾರನ ಹೊಣೆಯು ನಿಯಮಗಳಲ್ಲಿ ನಿಗದಿಪಡಿಸಿದ ಮೊತ್ತಕ್ಕೆ ಸೀಮಿತವಾಗಿರುತ್ತದೆ. 2011ರ ನಿಯಮಗಳಲ್ಲಿ 12ನೇ ನಿಯಮವು ಆ ಮೊತ್ತವನ್ನು ಸಾಗಣೆ ಶುಲ್ಕದ ಹತ್ತು ಪಟ್ಟು ಎಂದು ಹೇಳುತ್ತದೆ. ಆದರೆ ಹಾಗೆ ಲೆಕ್ಕ ಹಾಕಿದ ಮೊತ್ತವು ಬುಕಿಂಗ್ ಪತ್ರದಲ್ಲಿ, ಅಂದರೆ ಗೂಡ್ಸ್ ಫಾರ್ವರ್ಡಿಂಗ್ ನೋಟ್‌ನಲ್ಲಿ, ಘೋಷಿಸಿದ ಮೌಲ್ಯವನ್ನು ಮೀರುವಂತಿಲ್ಲ.

ಈ ನಿಯಮದಿಂದ ಗ್ರಾಹಕರಿಗೆ ಅನುಕೂಲವೂ ಇದೆ, ಅಪಾಯವೂ ಇದೆ. ಮುದ್ರಿತ ಮಿತಿ 100 ರೂಪಾಯಿ ಎಂದಿದ್ದರೂ ಕಾನೂನಿನ ಅಳತೆಗೋಲು ಬೇರೆ ಎಂದು ವಾದಿಸಲು ಆಧಾರ ಸಿಗುವುದು ಅನುಕೂಲ. 1865ರ ಕಾಯ್ದೆಯು ಸಹಿ ಮಾಡಿದ ವಿಶೇಷ ಕರಾರಿನ ಮೂಲಕ ಹೊಣೆಯನ್ನು ಮಿತಿಗೊಳಿಸಲು ಸಾಗಣೆದಾರರಿಗೆ ಅವಕಾಶ ಕೊಟ್ಟಿತ್ತು. 2007ರ ಕಾಯ್ದೆಯಲ್ಲಿ ಅದರ ಬದಲು ನಿಯಮಗಳೇ ಮಿತಿಯನ್ನು ಹಾಕುತ್ತವೆ. ಕಾನೂನು ಹಾಕಿದ ಮಿತಿಗಿಂತ ಕೆಳಗಿನ ಮಿತಿಯನ್ನು ಕಂಪನಿಯು ತಾನೇ ಮುದ್ರಿಸಿಕೊಳ್ಳಲು ಬರುವುದಿಲ್ಲ ಎಂಬ ವಾದ ಬಲವಾದುದೆಂದು ನನಗೆ ಅನಿಸುತ್ತದೆ. ದೂರಿನಲ್ಲಿ ಅದನ್ನು ತಪ್ಪದೇ ಎತ್ತಬೇಕು. ಇನ್ನು ಅಪಾಯವೆಂದರೆ, ಸಾಗಣೆ ಶುಲ್ಕ ಕಡಿಮೆಯಿದ್ದಾಗ ಹತ್ತು ಪಟ್ಟು ಕೂಡ ಸಣ್ಣ ಮೊತ್ತವೇ ಆಗುತ್ತದೆ. ದುಬಾರಿ ವಸ್ತು ಹಗುರವಾಗಿದ್ದರೆ ಈ ಲೆಕ್ಕ ಕಳುಹಿಸಿದವರಿಗೆ ಬಹಳ ನಷ್ಟ ತರುತ್ತದೆ.

ಒಂದು ಉದಾಹರಣೆಯ ಮೂಲಕ ಲೆಕ್ಕವನ್ನು ತೋರಿಸಬಹುದೇ?

38,000 ರೂಪಾಯಿ ಬೆಲೆಯ ಕ್ಯಾಮೆರಾ ಲೆನ್ಸ್ ಒಂದನ್ನು ಜೂನ್ 3ರಂದು ಒಬ್ಬರು ತಮ್ಮ ತಂಗಿಗೆ ಕೊರಿಯರ್ ಮೂಲಕ ಕಳುಹಿಸುತ್ತಾರೆ ಎಂದು ಇಟ್ಟುಕೊಳ್ಳೋಣ. ಸಾಗಣೆ ಶುಲ್ಕ 240 ರೂಪಾಯಿ. ರಸೀದಿಯ ಹಿಂಬದಿಯಲ್ಲಿ ಗರಿಷ್ಠ ಹೊಣೆ 100 ರೂಪಾಯಿ ಎಂದಿದೆ. ಜೂನ್ 5ರಂದು ಒಂದು ಹಬ್‌ನಲ್ಲಿ ಸ್ಕ್ಯಾನ್ ಆದ ಮೇಲೆ ಟ್ರ್ಯಾಕಿಂಗ್ ನಿಂತುಹೋಗುತ್ತದೆ.

ಬುಕಿಂಗ್ ಪತ್ರದ ಮೌಲ್ಯದ ಕಾಲಂ ಖಾಲಿಯಿದ್ದರೆ, ಹತ್ತು ಪಟ್ಟಿನ ಲೆಕ್ಕದಲ್ಲಿ 2,400 ರೂಪಾಯಿ ಆಗುತ್ತದೆ. ಮೌಲ್ಯವನ್ನು 38,000 ಎಂದು ಬರೆಸಿ, ಹೆಚ್ಚುವರಿ ಅಪಾಯದ ದರವನ್ನು ಕಟ್ಟದೇ ಇದ್ದರೂ 10ನೇ ಕಲಮಿನ ಮಿತಿ ಅದೇ 2,400. ಕೌಂಟರಿನವರು ಕೇಳದೆಯೇ "500" ಎಂದು ತುಂಬಿದ್ದನ್ನು ಕಳುಹಿಸಿದವರು ಗಮನಿಸದೇ ಸಹಿ ಹಾಕಿದ್ದರೆ, ಆ 500 ರೂಪಾಯಿಯೇ ಮೇಲ್ಮಿತಿಯಾಗಿಬಿಡುವ ಸಂಭವವಿದೆ. ಹೀಗೆ ಯಾಂತ್ರಿಕವಾಗಿ ಒಂದು ಸಣ್ಣ ಅಂಕಿಯನ್ನು ತುಂಬುವ ಅಭ್ಯಾಸವೇ ಮುದ್ರಿತ ಷರತ್ತಿಗಿಂತ ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ಷರತ್ತನ್ನು ಪ್ರಶ್ನಿಸಬಹುದು, ನೀವೇ ಸಹಿ ಹಾಕಿದ ಘೋಷಣೆಯನ್ನು ಅಲ್ಲಗಳೆಯುವುದು ಕಷ್ಟ.

ಮೌಲ್ಯವನ್ನು 38,000 ಎಂದು ಘೋಷಿಸಿ ಹೆಚ್ಚಿನ ಅಪಾಯದ ದರವನ್ನೂ ಕಟ್ಟಿದ್ದರೆ ಚಿತ್ರಣವೇ ಬದಲಾಗುತ್ತದೆ. 11ನೇ ಕಲಮಿನ ಪ್ರಕಾರ ಆಗ ಹೊಣೆಯು ಇಬ್ಬರ ನಡುವಿನ ಒಪ್ಪಂದದಂತೆ ಇರುತ್ತದೆ, ಅಂದರೆ ಪೂರ್ತಿ 38,000 ಕೇಳಲು ದಾರಿಯಾಗುತ್ತದೆ. ಹೆಚ್ಚಿನ ದರವನ್ನು ಕಟ್ಟದೇ ಇದ್ದರೂ, ಲೆನ್ಸನ್ನು ಕಂಪನಿಯ ನೌಕರನೇ ಕದ್ದದ್ದೆಂದು ತೋರಿದರೆ 12ನೇ ಕಲಮು ನೆರವಿಗೆ ಬರುತ್ತದೆ. ಅದನ್ನು ಮುಂದೆ ವಿವರಿಸಲಾಗಿದೆ.

ಹೆಚ್ಚಿನ ಅಪಾಯದ ದರ ಎಂದರೆ ವಿಮೆಯೇ?

ಎರಡೂ ಬೇರೆ. ಹೆಚ್ಚಿನ ಅಪಾಯದ ದರವೆಂದರೆ ಸಾಗಣೆದಾರನೇ ಹೆಚ್ಚಿನ ಹೊಣೆ ಹೊರಲು ಪಡೆಯುವ ಶುಲ್ಕ. ವಿಮೆಯಾದರೆ ನಷ್ಟ ತುಂಬಿಕೊಡುವುದು ವಿಮಾ ಕಂಪನಿ. ಪಾಲಿಸಿಯ ಷರತ್ತುಗಳು, ಕ್ಲೇಮ್ ಸಲ್ಲಿಸುವ ಅವಧಿ, ಕೊಡಬೇಕಾದ ಕಾಗದಗಳು ಎಲ್ಲವೂ ಬೇರೆಯಾಗಿರುತ್ತವೆ. ಕೌಂಟರಿನಲ್ಲಿ "ಇನ್ಶೂರೆನ್ಸ್ ಮಾಡಿಸಿ" ಎಂದು ಹಣ ಪಡೆದರೆ, ಅದು ಯಾವ ಪಾಲಿಸಿ, ಅದರ ಸಂಖ್ಯೆ ಏನು, ಫಲಾನುಭವಿ ಯಾರು ಎಂದು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಹಣ ಕಟ್ಟಿದ ಬಳಿಕವೂ ಕಾಗದದಲ್ಲಿ ಪಾಲಿಸಿಯ ಗುರುತೇ ಇಲ್ಲದಿದ್ದರೆ, ನಷ್ಟವಾದ ದಿನ ಕಂಪನಿ ವಿಮೆಯತ್ತ ಬೊಟ್ಟು ಮಾಡುತ್ತದೆ, ವಿಮಾ ಕಂಪನಿಯಾದರೋ ನಿಮ್ಮ ಹೆಸರನ್ನೇ ಗುರುತಿಸುವುದಿಲ್ಲ.

11ನೇ ಕಲಮಿನಲ್ಲಿ ಇನ್ನೊಂದು ಉಪಯುಕ್ತ ಅಂಶವಿದೆ. ಹೆಚ್ಚಿನ ದರವನ್ನು ವಸೂಲು ಮಾಡುವ ಹಕ್ಕು ಬೇಕಿದ್ದರೆ, ಸಾಗಣೆದಾರನು ಆ ದರದ ಮುದ್ರಿತ ಅಥವಾ ಲಿಖಿತ ಸೂಚನೆಯನ್ನು ತನ್ನ ವ್ಯವಹಾರದ ಸ್ಥಳದಲ್ಲಿ ಇಂಗ್ಲಿಷ್‌ನಲ್ಲಿಯೂ ಆ ರಾಜ್ಯದ ಭಾಷೆಯಲ್ಲಿಯೂ ಪ್ರದರ್ಶಿಸಿರಬೇಕು. ಕರ್ನಾಟಕದಲ್ಲಿ ಅದು ಕನ್ನಡದಲ್ಲಿ ಇರಬೇಕಾಗುತ್ತದೆ. ಅಂಥ ಫಲಕವೇ ಇಲ್ಲದ ಕಡೆ ಬುಕ್ ಮಾಡಿದ್ದರೆ, "ಹೆಚ್ಚಿನ ರಕ್ಷಣೆ ಬೇಕೇ ಎಂದು ಕೇಳಿದ್ದೆವು, ಗ್ರಾಹಕರೇ ಬೇಡವೆಂದರು" ಎಂಬ ಕಂಪನಿಯ ಮಾತನ್ನು ನೀವು ಪ್ರಶ್ನಿಸಬಹುದು. ಕೌಂಟರಿನ ಫೋಟೊ ತೆಗೆದಿಟ್ಟುಕೊಂಡರೆ ಅದೊಂದು ಸಾಕ್ಷ್ಯ.

ನಾನು ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಆದರೂ ಮುದ್ರಿತ ಷರತ್ತುಗಳು ನನ್ನನ್ನು ಕಟ್ಟಿಹಾಕುತ್ತವೆಯೇ?

ಕಂಪನಿಗಳು ಈ ವಿಷಯದಲ್ಲಿ ಪದೇ ಪದೇ ಮುಂದಿಡುವುದು ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪನ್ನು. ಜರ್ಮನಿಯ ಖರೀದಿದಾರರಿಗೆ ಕಳುಹಿಸಿದ ದಾಖಲೆಗಳ ಲಕೋಟೆ ತಲುಪದೇ ಇದ್ದುದರಿಂದ ರಫ್ತುದಾರರಿಗೆ ದೊಡ್ಡ ನಷ್ಟವಾಗಿತ್ತು. ಆದರೆ ಕಾಗದದಲ್ಲಿ ಹೊಣೆಯನ್ನು 100 ಅಮೆರಿಕನ್ ಡಾಲರಿಗೆ ಮಿತಿಗೊಳಿಸಿದ್ದ ಷರತ್ತು ಇತ್ತು, ಕಳುಹಿಸಿದವರು ಅದಕ್ಕೆ ಸಹಿ ಹಾಕಿದ್ದರು. ಷರತ್ತುಗಳಿರುವ ದಾಖಲೆಗೆ ಸಹಿ ಹಾಕಿದವರು ಸಾಮಾನ್ಯವಾಗಿ ಅದಕ್ಕೆ ಬದ್ಧರು ಎಂಬ ಆಧಾರದ ಮೇಲೆ ಪರಿಹಾರವು ಆ ಮೊತ್ತಕ್ಕೇ ಸೀಮಿತವಾಯಿತು.

ಈ ತೀರ್ಪನ್ನು ಉಲ್ಲೇಖಿಸುವಾಗ ಕಂಪನಿಯ ವಕೀಲರು ಒತ್ತಿ ಹೇಳದೇ ಬಿಡುವ ಅಂಶವೆಂದರೆ ಅಲ್ಲಿನ ಸಹಿ. ತೀರ್ಪು ನಿಂತಿರುವುದು ಸಹಿ ಮಾಡಿದ ಕರಾರಿನ ಮೇಲೆ. ಹಣ ಪಡೆದು ಯಂತ್ರದಿಂದ ಹರಿದು ಕೊಡುವ ಚೀಟಿಯಲ್ಲಿ ನಿಮ್ಮ ಸಹಿಯೇ ಇರುವುದಿಲ್ಲ. ಅದರ ಹಿಂದಿನ ಅಕ್ಷರಗಳು ಓದಲಾಗದಷ್ಟು ಸಣ್ಣದಾಗಿರುತ್ತವೆ, ನಿಮಗೆ ತಿಳಿಯದ ಭಾಷೆಯಲ್ಲಿಯೂ ಇರಬಹುದು. ಅದು ನಿಮ್ಮ ಕೈಗೆ ಬರುವುದೂ ಪಾರ್ಸೆಲ್ ಒಪ್ಪಿಸಿ ಹಣ ಕೊಟ್ಟ ಮೇಲೆ. ಅಂಥ ಷರತ್ತನ್ನು ಗ್ರಾಹಕರ ಗಮನಕ್ಕೆ ತಂದು ಒಪ್ಪಿಗೆ ಪಡೆಯಲಾಗಿತ್ತು ಎಂದು ತೋರಿಸುವ ಹೊರೆ ಕಂಪನಿಯ ಮೇಲೆ ಬೀಳಬೇಕು. ಗ್ರಾಹಕ ಆಯೋಗಗಳು ಇಂಥ ವಾದವನ್ನು ಒಪ್ಪಿ ಮಿತಿಯನ್ನು ಬದಿಗಿಟ್ಟ ಪ್ರಕರಣಗಳಿವೆ. ಆದ್ದರಿಂದ ಕಂಪನಿ "ನೀವು ಸಹಿ ಹಾಕಿದ್ದೀರಿ" ಎಂದರೆ, ಸಹಿಯಿರುವ ಮೂಲ ಪ್ರತಿಯನ್ನು ಹಾಜರುಪಡಿಸುವಂತೆ ಲಿಖಿತವಾಗಿ ಕೇಳಬೇಕು. ಕಳುಹಿಸಿದವರ ಜಾಗದಲ್ಲಿ ಪಿಕಪ್‌ಗೆ ಬಂದ ಹುಡುಗನೇ ಗೀಚಿರುವ ಸಹಿ ಕಂಡುಬಂದರೆ ಅದನ್ನೂ ದೂರಿನಲ್ಲಿ ಹೇಳಬೇಕು.

ಆ್ಯಪ್ ಮೂಲಕ ಬುಕ್ ಮಾಡಿ "ಷರತ್ತುಗಳನ್ನು ಒಪ್ಪುತ್ತೇನೆ" ಎಂಬ ಚೌಕವನ್ನು ಒತ್ತಿದ್ದರೆ ಮಾತ್ರ ಈ ವಾದ ದುರ್ಬಲವಾಗುತ್ತದೆ. ಆಗ ಕಾನೂನಿನ ಹತ್ತು ಪಟ್ಟಿನ ಮಿತಿ ಮತ್ತು ಕೆಳಗೆ ಹೇಳಿರುವ ಅಪರಾಧ ಕೃತ್ಯದ ವಾದಗಳನ್ನು ಮುಂದಿಡಬೇಕಾಗುತ್ತದೆ.

"ಮಾಲೀಕರ ಸ್ವಂತ ಜವಾಬ್ದಾರಿಯಲ್ಲಿ" ಎಂಬ ಮುದ್ರೆ ಒತ್ತಿದ್ದಾರೆ. ಹಾಗಾದರೆ ಅವರಿಗೆ ಹೊಣೆಯೇ ಇಲ್ಲವೇ?

ಆ ಮುದ್ರೆಯಿಂದ ಸಾಗಣೆದಾರನು ತನ್ನ ನಿರ್ಲಕ್ಷ್ಯದ ಹೊಣೆಯಿಂದ ಪಾರಾಗುವುದಿಲ್ಲ. ನಾಥ್ ಬ್ರದರ್ಸ್ ಎಕ್ಸಿಮ್ ಮತ್ತು ಬೆಸ್ಟ್ ರೋಡ್‌ವೇಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಇದೇ ಮಾತುಗಳನ್ನು ಪರಿಶೀಲಿಸಿ, ಅಂಥ ಬರಹವಿದ್ದರೂ ನಿರ್ಲಕ್ಷ್ಯದಿಂದ ಅಥವಾ ಅಪರಾಧ ಕೃತ್ಯದಿಂದ ಆದ ನಷ್ಟಕ್ಕೆ ಸಾಗಣೆದಾರ ಹೊಣೆಯೆಂದು ಹೇಳಿತು. ಅದು ಹಳೆಯ ಕಾಯ್ದೆಯಡಿ ಬಂದ ತೀರ್ಪು. ಹೊಸ ಕಾಯ್ದೆಯ ಸ್ವರೂಪವೂ ಈ ತತ್ವಕ್ಕೆ ಹೊಂದುತ್ತದೆ.

ಕಂಪನಿಯ ತಪ್ಪಿನಿಂದಲೇ ಪಾರ್ಸೆಲ್ ಕಳೆದುಹೋಯಿತು ಎಂದು ನಾನು ಸಾಬೀತುಪಡಿಸಬೇಕೇ?

ಬೇಕಿಲ್ಲ. ಸರಕು ಹಬ್‌ನೊಳಗೆ ಹೋದ ಮೇಲೆ ಏನಾಯಿತೆಂದು ತಿಳಿಯಲು ಹೊರಗಿನವರಿಗೆ ದಾರಿಯೇ ಇಲ್ಲ ಎಂಬುದನ್ನು ಕಾನೂನು ಬಹಳ ಹಿಂದೆಯೇ ಗುರುತಿಸಿದೆ. 12ನೇ ಕಲಮಿನ ಪ್ರಕಾರ, ಸಾಗಣೆದಾರನ ಅಥವಾ ಅವನ ನೌಕರರ ನಿರ್ಲಕ್ಷ್ಯದಿಂದಲೋ ಅಪರಾಧ ಕೃತ್ಯದಿಂದಲೋ ನಷ್ಟವಾಯಿತೆಂದು ದಾವೆ ಹೂಡಿದವರು ಸಾಬೀತುಪಡಿಸುವ ಅಗತ್ಯವಿಲ್ಲ. ಪಾರ್ಸೆಲ್ ಒಪ್ಪಿಸಿದ್ದಕ್ಕೆ ರಸೀದಿ ಇದೆ, ಅದು ತಲುಪಿಲ್ಲ ಎಂದು ತೋರಿಸಿದರೆ ಸಾಕು. ತನ್ನ ಕಡೆಯಿಂದ ತಪ್ಪಾಗಿಲ್ಲ ಎಂದು ತೋರಿಸುವ ಹೊರೆ ಆಗ ಕಂಪನಿಯದಾಗುತ್ತದೆ. ಹಳೆಯ ಕಾಯ್ದೆಯಲ್ಲಿದ್ದ ಇದೇ ತತ್ವವು ಗ್ರಾಹಕ ವೇದಿಕೆಗಳ ಮುಂದೆಯೂ ಅನ್ವಯಿಸುತ್ತದೆ ಎಂದು ಪಟೇಲ್ ರೋಡ್‌ವೇಸ್ ಮತ್ತು ಬಿರ್ಲಾ ಯಮಹಾ ನಡುವಿನ 2000ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದೈವಿಕ ವಿಕೋಪ, ಯುದ್ಧ, ದಂಗೆ, ಕಾನೂನುಬದ್ಧ ಜಪ್ತಿ ಮುಂತಾದ ಕಾರಣಗಳಿಗೆ 17ನೇ ಕಲಮು ವಿನಾಯಿತಿ ಕೊಡುತ್ತದೆ. ಆದರೆ ಸೂಕ್ತ ಎಚ್ಚರಿಕೆ ವಹಿಸಿದ್ದರೆ ಆ ನಷ್ಟವನ್ನು ತಪ್ಪಿಸಬಹುದಾಗಿತ್ತು ಎಂದಾದರೆ ಆ ವಿನಾಯಿತಿಯೂ ಸಿಗುವುದಿಲ್ಲ. ಪ್ರವಾಹದ ಮುನ್ಸೂಚನೆ ಇದ್ದರೂ ಸರಕನ್ನು ನೆಲಮಾಳಿಗೆಯಲ್ಲಿ ಬಿಟ್ಟವರು ದೇವರ ಮೇಲೆ ಭಾರ ಹಾಕಲು ಬರುವುದಿಲ್ಲ.

ಒಳಗಿನವರೇ ಕದ್ದಿರಬಹುದೆಂಬ ಅನುಮಾನವಿದೆ. ಅದರಿಂದ ಪರಿಹಾರದ ಮೊತ್ತ ಬದಲಾಗುತ್ತದೆಯೇ?

ಬದಲಾಗಬಹುದು. ಸಾಗಣೆದಾರನ, ಅವನ ನೌಕರರ ಅಥವಾ ಏಜೆಂಟರ ಅಪರಾಧ ಕೃತ್ಯದಿಂದ ನಷ್ಟವಾದರೆ ಅವನು ಫಾರ್ವರ್ಡಿಂಗ್ ನೋಟ್‌ಗೆ ಅನುಸಾರವಾಗಿ ಹೊಣೆಯಾಗುತ್ತಾನೆ ಎಂದು 12ನೇ ಕಲಮು ಪ್ರತ್ಯೇಕವಾಗಿ ಹೇಳುತ್ತದೆ. ನಮ್ಮ ಉದಾಹರಣೆಯಲ್ಲಿ ಬುಕಿಂಗ್ ಪತ್ರದಲ್ಲಿ 38,000 ಎಂದು ಬರೆದಿದ್ದರೆ, ಹತ್ತು ಪಟ್ಟಿನ ಮಿತಿಗೆ ಸಿಕ್ಕಿಕೊಳ್ಳದೇ ಆ ಪೂರ್ತಿ ಮೊತ್ತವನ್ನು ಕೇಳಲು ಈ ಕಲಮು ಆಧಾರವಾಗುತ್ತದೆ. ಹೆಚ್ಚಿನ ದರ ಕಟ್ಟದಿದ್ದರೂ ನಿಜವಾದ ಮೌಲ್ಯವನ್ನು ಬರೆಸುವುದರಿಂದ ಪ್ರಯೋಜನವಿದೆ ಎಂದು ಹೇಳುವುದು ಇದೇ ಕಾರಣಕ್ಕೆ.

ಕಳವಿನ ಸುಳಿವುಗಳು ಸಾಮಾನ್ಯವಾಗಿ ಕಂಪನಿಯ ದಾಖಲೆಗಳಲ್ಲಿಯೇ ಇರುತ್ತವೆ. ದೊಡ್ಡ ಹಬ್‌ಗಳಲ್ಲಿ ಪಾರ್ಸೆಲ್‌ನ ತೂಕವನ್ನು ಮತ್ತೆ ನೋಡುವ ವ್ಯವಸ್ಥೆಯಿದ್ದರೆ, ಬುಕಿಂಗ್ ತೂಕ ಒಂದು, ಮುಂದಿನ ಹಬ್‌ನ ತೂಕ ಇನ್ನೊಂದು ಆಗಿದ್ದಲ್ಲಿ ನಡುವೆ ಪೆಟ್ಟಿಗೆ ತೆರೆದಿರುವ ಸಾಧ್ಯತೆಯಿದೆ. ಪೆಟ್ಟಿಗೆ ತಲುಪಿ ಒಳಗಿನ ವಸ್ತು ಮಾತ್ರ ಇಲ್ಲದಿದ್ದರೆ ಟೇಪ್ ಬದಲಾಗಿದೆಯೇ ಎಂದು ನೋಡಿ, ಪೆಟ್ಟಿಗೆಯನ್ನು ಎಸೆಯದೇ ಹಾಗೆಯೇ ಇಡಬೇಕು. ಟ್ರ್ಯಾಕಿಂಗ್‌ನಲ್ಲಿ "ತಲುಪಿಸಲಾಗಿದೆ" ಎಂದು ಬಂದು ಪಾರ್ಸೆಲ್ ಮಾತ್ರ ಬಂದಿಲ್ಲದಿದ್ದರೆ, ಪಿಒಡಿ ಎಂದು ಕರೆಯುವ ತಲುಪಿಸಿದ ದಾಖಲೆಯ ಪ್ರತಿಯನ್ನು ತಕ್ಷಣವೇ ಕೇಳಬೇಕು. ಅದರಲ್ಲಿರುವ ಸಹಿ, ಫೋನ್ ಸಂಖ್ಯೆ ಮತ್ತು ಸಮಯವನ್ನು ಪಡೆಯಬೇಕಾದವರ ವಿವರಗಳೊಂದಿಗೆ ಹೋಲಿಸಿದರೆ ಸುಳ್ಳು ನಮೂದು ಬೇಗ ಬಯಲಾಗುತ್ತದೆ. ಸಿಸಿಟಿವಿ ದೃಶ್ಯಗಳು ಹೆಚ್ಚು ದಿನ ಉಳಿಯುವುದಿಲ್ಲವಾದ್ದರಿಂದ, ಟ್ರ್ಯಾಕಿಂಗ್ ನಿಂತ ಹಬ್‌ನ ದೃಶ್ಯವನ್ನು ಕಾಯ್ದಿರಿಸುವಂತೆ ಮೊದಲ ಇ-ಮೇಲ್‌ನಲ್ಲಿಯೇ ಕೋರಬೇಕು.

ಪೊಲೀಸರಿಗೂ ದೂರು ಕೊಡಬಹುದು. ವಹಿಸಿಕೊಟ್ಟ ಸರಕಿನ ವಿಷಯದಲ್ಲಿ ಸಾಗಣೆದಾರ ಎಸಗುವ ನಂಬಿಕೆದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316(3)ನೇ ಕಲಮಿನಲ್ಲಿ ಏಳು ವರ್ಷಗಳವರೆಗೆ ಶಿಕ್ಷೆಯಿದೆ. ಆದರೆ ಅಪ್ರಾಮಾಣಿಕತೆಯ ಸುಳಿವಿಲ್ಲದೇ ಕೇವಲ ಪಾರ್ಸೆಲ್ ತಪ್ಪಿಹೋದ ಪ್ರಕರಣದಲ್ಲಿ ಪೊಲೀಸರು ಇದನ್ನು ಸಿವಿಲ್ ವಿಷಯವೆಂದು ಹೇಳುವುದು ಸಾಮಾನ್ಯ.

ನೋಟಿಸ್ ಕೊಡಲು ಎಷ್ಟು ಸಮಯವಿದೆ? ರಸೀದಿಯಲ್ಲಿ "ಏಳು ದಿನಗಳೊಳಗೆ ದೂರು ಸಲ್ಲಿಸಬೇಕು" ಎಂದಿದೆ.

ನಿಜಕ್ಕೂ ಭಯಪಡಬೇಕಾದ ಗಡುವು ರಸೀದಿಯಲ್ಲಿಲ್ಲ, ಕಾಯ್ದೆಯಲ್ಲಿದೆ. 16ನೇ ಕಲಮಿನ ಪ್ರಕಾರ, ಸರಕಿನ ನಷ್ಟ ಅಥವಾ ಹಾನಿಯ ಕುರಿತ ಲಿಖಿತ ನೋಟಿಸ್ ಸಾಗಣೆದಾರನಿಗೆ ಬುಕಿಂಗ್ ದಿನಾಂಕದಿಂದ 180 ದಿನಗಳೊಳಗೆ ತಲುಪಿರದಿದ್ದರೆ ದಾವೆಯನ್ನಾಗಲಿ ಇತರ ಕಾನೂನು ಕ್ರಮವನ್ನಾಗಲಿ ಹೂಡುವಂತಿಲ್ಲ. ಹಳೆಯ ಕಾಯ್ದೆಯಲ್ಲಿ ನಷ್ಟ ತಿಳಿದ ದಿನದಿಂದ ಆರು ತಿಂಗಳ ಲೆಕ್ಕವಿತ್ತು. ಈಗ ಎಣಿಕೆ ಬುಕಿಂಗ್ ದಿನದಿಂದಲೇ ಆರಂಭವಾಗುತ್ತದೆ. "ಹುಡುಕುತ್ತಿದ್ದೇವೆ, ಮುಂದಿನ ವಾರ ಕರೆ ಮಾಡಿ" ಎಂದು ಹೇಳಿಸಿಕೊಳ್ಳುತ್ತಾ ಐದಾರು ತಿಂಗಳು ಕಳೆದವರು ಕೊನೆಗೆ ಹಕ್ಕನ್ನೇ ಕಳೆದುಕೊಳ್ಳುವ ಅಪಾಯವಿರುವುದು ಇಲ್ಲಿ.

ನಮ್ಮ ಉದಾಹರಣೆಯಲ್ಲಿ ಬುಕಿಂಗ್ ಜೂನ್ 3ರಂದು ಆಗಿರುವುದರಿಂದ 180ನೇ ದಿನ ನವೆಂಬರ್ 30 ಆಗುತ್ತದೆ. ಆ ದಿನದೊಳಗೆ ನೋಟಿಸ್ ಕಂಪನಿಯ ಕೈ ಸೇರಿರಬೇಕು. ಅಂದು ಅಂಚೆಗೆ ಹಾಕುವುದು ತೀರಾ ತಡವಾಗುತ್ತದೆ. ಟೋಲ್-ಫ್ರೀ ಸಂಖ್ಯೆಗೆ ಮಾಡಿದ ಕರೆ ಅಥವಾ ಆ್ಯಪ್‌ನಲ್ಲಿ ಸಿಕ್ಕ ದೂರು ಸಂಖ್ಯೆಯನ್ನು ನೋಟಿಸ್ ಎಂದು ನಂಬಿ ಕೂರಬಾರದು. ಕಂಪನಿಯ ನೋಂದಾಯಿತ ಕಚೇರಿಗೂ ಬುಕಿಂಗ್ ಶಾಖೆಗೂ ಪ್ರತ್ಯೇಕವಾಗಿ, ತಲುಪಿದ್ದಕ್ಕೆ ಪುರಾವೆ ಸಿಗುವ ಅಂಚೆಯಲ್ಲಿ ಪತ್ರ ಕಳುಹಿಸಿ, ಅದೇ ಪತ್ರವನ್ನು ಇ-ಮೇಲ್ ಮೂಲಕವೂ ಕಳುಹಿಸುವುದು ಒಳ್ಳೆಯದು. ರಸೀದಿ ಸಂಖ್ಯೆ, ಬುಕಿಂಗ್ ದಿನಾಂಕ, ವಸ್ತುವಿನ ವಿವರ ಮತ್ತು ಬೆಲೆ, ಟ್ರ್ಯಾಕಿಂಗ್ ನಿಂತ ಸ್ಥಳ, ಕೇಳುತ್ತಿರುವ ಮೊತ್ತ, ಉತ್ತರಕ್ಕೆ ಕೊಡುವ ಅವಧಿ ಇಷ್ಟಿದ್ದರೆ ಸಾಕು. ಇದಕ್ಕೆ ವಕೀಲರ ಸಹಿ ಬೇಕೆಂದು ಕಲಮಿನಲ್ಲಿ ಹೇಳಿಲ್ಲ.

ಇನ್ನು ಏಳು ದಿನಗಳ ಮುದ್ರಿತ ಗಡುವಿನ ವಿಷಯ. ಒಂದು ಅವಧಿ ಮುಗಿದೊಡನೆ ಹಕ್ಕೇ ಅಳಿದುಹೋಗುತ್ತದೆ ಎಂಬ ಕರಾರು ಅಷ್ಟರಮಟ್ಟಿಗೆ ಅಸಿಂಧು ಎಂದು 1872ರ ಕರಾರು ಕಾಯ್ದೆಯ 28ನೇ ಕಲಮು ಹೇಳುತ್ತದೆ. 1997ರ ತಿದ್ದುಪಡಿಯಿಂದ ಇದು ಸ್ಪಷ್ಟವಾಯಿತು. ಹಾಗಾಗಿ ಏಳು ದಿನ ಮೀರಿತೆಂದು ಎದೆಗುಂದಬೇಕಿಲ್ಲ, ಆದರೂ ದೂರನ್ನು ಬೇಗ ಕೊಟ್ಟಷ್ಟೂ ದಾಖಲೆಗಳು ಉಳಿದಿರುತ್ತವೆ.

ನೋಟಿಸ್ ತಲುಪಿದ ನಂತರ ಗ್ರಾಹಕ ಆಯೋಗಕ್ಕೆ ಹೋಗಲು ವ್ಯಾಜ್ಯ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ, ಸಿವಿಲ್ ದಾವೆಗೆ ಮೂರು ವರ್ಷ ಕಾಲಾವಕಾಶವಿದೆ.

"ವಿವಾದಗಳು ಮುಂಬೈ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ" ಎಂದು ಮುದ್ರಿಸಿದ್ದರೆ ಅಲ್ಲಿಗೇ ಹೋಗಬೇಕೇ?

ಗ್ರಾಹಕರಾಗಿ ದೂರು ಕೊಡುವುದಾದರೆ, 2019ರ ಕಾಯ್ದೆಯ 34ನೇ ಕಲಮಿನ ಪ್ರಕಾರ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಸಿವಿಲ್ ದಾವೆಯಲ್ಲಿಯೂ, ಕಾನೂನಿನ ಪ್ರಕಾರ ವ್ಯಾಪ್ತಿಯೇ ಇಲ್ಲದ ಊರಿನ ನ್ಯಾಯಾಲಯಕ್ಕೆ ಒಪ್ಪಂದದ ಮೂಲಕ ವ್ಯಾಪ್ತಿ ಕೊಡಲಾಗದು. ಕಂಪನಿಯ ಮುಖ್ಯ ಕಚೇರಿ ಅಲ್ಲಿದೆ ಎಂಬುದೊಂದೇ ಸಾಲದು ಎಂದು ಪಟೇಲ್ ರೋಡ್‌ವೇಸ್ ಮತ್ತು ಪ್ರಸಾದ್ ಟ್ರೇಡಿಂಗ್ ನಡುವಿನ 1991ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಅಲ್ಲಿ ಸರಕು ಬುಕ್ ಆದ ಊರಿನಲ್ಲಿಯೇ ಕಂಪನಿಯ ಶಾಖೆಯಿತ್ತು.

ಗ್ರಾಹಕ ಆಯೋಗಕ್ಕೆ ದೂರು ಕೊಡುವುದು ಹೇಗೆ? ವ್ಯಾಪಾರದ ಸರಕಾಗಿದ್ದರೆ?

ಸೇವೆಗಾಗಿ ಕೊಟ್ಟ ಹಣ 50 ಲಕ್ಷ ರೂಪಾಯಿಯವರೆಗೆ ಇದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬೇಕು. ಕೊರಿಯರ್ ಶುಲ್ಕ ಆ ಮಟ್ಟಕ್ಕೆ ಏರುವುದಿಲ್ಲವಾದ್ದರಿಂದ ಎಲ್ಲ ಸಾಮಾನ್ಯ ದೂರುಗಳೂ ಅಲ್ಲಿಗೇ ಹೋಗುತ್ತವೆ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು, ನಿಮ್ಮ ದೂರನ್ನು ನೀವೇ ವಾದಿಸಲೂಬಹುದು. ಆಯೋಗಕ್ಕೆ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟರೆ, ಸಣ್ಣ ಮೊತ್ತದ ಪ್ರಕರಣಗಳು ಅಲ್ಲಿಯೇ ಇತ್ಯರ್ಥವಾಗಬಹುದು. ಆದರೆ ಅದು 16ನೇ ಕಲಮಿನ ನೋಟಿಸಿಗೆ ಬದಲಿಯಾಗದು.

ಕಳುಹಿಸಿದವರಷ್ಟೇ ಅಲ್ಲದೆ, ಅವರ ಒಪ್ಪಿಗೆಯಿಂದ ಸೇವೆಯ ಪ್ರಯೋಜನ ಪಡೆಯುವವರೂ ಗ್ರಾಹಕರೇ. ನಮ್ಮ ಉದಾಹರಣೆಯ ತಂಗಿಯೂ ದೂರು ಕೊಡಬಹುದು.

ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವರು ಗ್ರಾಹಕರ ವ್ಯಾಖ್ಯೆಯಿಂದ ಹೊರಗುಳಿಯುತ್ತಾರೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಸಣ್ಣ ವ್ಯಾಪಾರ ಮಾಡುವವರಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆಯಾದರೂ, ಆ ವಿವರಣೆ ಸರಕುಗಳನ್ನು ಕುರಿತು ಬರೆದದ್ದು ಎಂಬ ತಕರಾರನ್ನು ಕಂಪನಿ ಎತ್ತಬಹುದು. ದೊಡ್ಡ ಮೊತ್ತದ ವ್ಯಾಪಾರಿ ಸರಕಿಗೆ ಸಿವಿಲ್ ನ್ಯಾಯಾಲಯದ ದಾರಿಯನ್ನು ಮೊದಲೇ ಯೋಚಿಸಿಕೊಳ್ಳುವುದು ಕ್ಷೇಮ.

ಮುದ್ರಿತ ಮಿತಿಯನ್ನೇ "ಅನ್ಯಾಯದ ಕರಾರು" ಎಂದು ಪ್ರಶ್ನಿಸಬಹುದೇ?

ಗ್ರಾಹಕರ ಹಕ್ಕುಗಳಲ್ಲಿ ಗಣನೀಯ ಬದಲಾವಣೆ ತರುವ ಏಕಪಕ್ಷೀಯ ಷರತ್ತುಗಳನ್ನು 2019ರ ಕಾಯ್ದೆಯ 2(46)ನೇ ಕಲಮು ಅನ್ಯಾಯದ ಕರಾರು ಎಂದು ಗುರುತಿಸುತ್ತದೆ. ಆದರೆ ಆ ಕಾರಣಕ್ಕಾಗಿ ಕರಾರನ್ನೇ ಪ್ರಶ್ನಿಸುವ ದೂರನ್ನು ರಾಜ್ಯ ಆಯೋಗ ಅಥವಾ ರಾಷ್ಟ್ರೀಯ ಆಯೋಗದ ಮುಂದೆ ತರಬೇಕು. ಜಿಲ್ಲಾ ಆಯೋಗಕ್ಕೆ ಆ ಅಧಿಕಾರವನ್ನು ಕೊಟ್ಟಿಲ್ಲ. ಒಂದು ಪಾರ್ಸೆಲ್‌ಗಾಗಿ ಅಷ್ಟು ದೂರ ಹೋಗುವುದು ಹೆಚ್ಚಿನವರಿಗೆ ಕಾರ್ಯಸಾಧುವಲ್ಲ. ಸಹಿಯ ಕೊರತೆ, ಷರತ್ತನ್ನು ತಿಳಿಸದಿರುವುದು, 2007ರ ಕಾಯ್ದೆಯ 10 ಮತ್ತು 12ನೇ ಕಲಮುಗಳು ಇವುಗಳ ಮೇಲೆ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಆಯೋಗದಲ್ಲಿಯೇ ನಡೆಸುವುದು ಹೆಚ್ಚು ಫಲ ಕೊಡುತ್ತದೆ. ವಸ್ತುವಿನ ಬೆಲೆಯ ಜೊತೆಗೆ, ದೂರುಗಳಿಗೆ ತಿಂಗಳುಗಟ್ಟಲೆ ಉತ್ತರಿಸದೇ ಅಲೆದಾಡಿಸಿದ್ದನ್ನು ಬೇರೆಯೇ ನ್ಯೂನತೆಯೆಂದು ತೋರಿಸಿ, ಮಾನಸಿಕ ಯಾತನೆ ಮತ್ತು ದೂರಿನ ವೆಚ್ಚವನ್ನು ಪ್ರತ್ಯೇಕ ಕೋರಿಕೆಯಾಗಿ ಬರೆಯಬೇಕು. ಹೊಣೆಮಿತಿ ಇರುವುದು ಸರಕಿನ ನಷ್ಟಕ್ಕೆ ಸಂಬಂಧಿಸಿದಂತೆ ಎಂದು ಆಗ ವಾದಿಸಲು ಸಾಧ್ಯವಾಗುತ್ತದೆ.

ಪಾರ್ಸೆಲ್‌ನಲ್ಲಿ ಏನಿತ್ತು, ಅದರ ಬೆಲೆ ಎಷ್ಟು ಎಂದು ತೋರಿಸುವುದು ಹೇಗೆ?

ಸಾಗಣೆದಾರ ಕೊಡುವ ಗೂಡ್ಸ್ ರಸೀದಿಯು ತೂಕ, ಪೆಟ್ಟಿಗೆಗಳ ಸಂಖ್ಯೆ ಮುಂತಾದ ವಿವರಗಳಿಗೆ ಮೇಲ್ನೋಟದ ಪುರಾವೆಯಾಗುತ್ತದೆ. ಒಳಗಿನ ವಸ್ತುವಿಗೆ ಖರೀದಿ ಬಿಲ್, ಸೀರಿಯಲ್ ಸಂಖ್ಯೆ, ಪ್ಯಾಕ್ ಮಾಡುವಾಗಿನ ಫೋಟೊ ಬೇಕು. ಬುಕಿಂಗ್ ತೂಕವು ಆ ವಸ್ತುವಿನ ತೂಕಕ್ಕೆ ಹೊಂದುತ್ತದೆ ಎಂಬುದು ಸರಳವಾದರೂ ಗಟ್ಟಿಯಾದ ಸಾಕ್ಷ್ಯ. ಬಳಸಿದ ವಸ್ತುವಾದರೆ ಹೊಸದರ ಬೆಲೆಯನ್ನು ಕೇಳದೇ, ಅಂದಿನ ಮಾರಾಟ ಬೆಲೆಗೆ ಆಧಾರ ಒದಗಿಸಬೇಕು. ಹಣ ಅಥವಾ ಆಭರಣವನ್ನು "ಪುಸ್ತಕ" ಎಂದು ಬರೆಸಿ ಕಳುಹಿಸಿದ್ದರೆ, ಬುಕಿಂಗ್ ವಿವರಗಳು ಸರಿಯಿರಬೇಕಾದ ಹೊಣೆ ಕಳುಹಿಸಿದವರದೇ ಆಗಿರುವುದರಿಂದ, ಪರಿಹಾರದ ಆಸೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ಆನ್‌ಲೈನ್‌ನಲ್ಲಿ ಕೊಂಡ ವಸ್ತು ಕೊರಿಯರ್‌ನಲ್ಲಿ ಕಳೆದುಹೋದರೆ?

ನೀವು ಹಣ ಕೊಟ್ಟಿರುವುದು ಮಾರಾಟಗಾರರಿಗೆ. ವಸ್ತುವನ್ನು ತಲುಪಿಸುವುದು ಅವರ ಕರ್ತವ್ಯವಾಗಿರುವಾಗ ಹಣ ವಾಪಸು ಅಥವಾ ಬದಲಿ ವಸ್ತುವನ್ನು ಅವರಿಂದಲೇ ಕೇಳಬೇಕು. ಕೊರಿಯರ್‌ನ ಹೊಣೆಮಿತಿ ಅವರಿಬ್ಬರ ನಡುವಿನ ವಿಷಯ.

ಅಂಚೆ ಇಲಾಖೆಯ ಪಾರ್ಸೆಲ್ ಅಥವಾ ವಿಮಾನದಲ್ಲಿ ಹೋದ ಪಾರ್ಸೆಲ್‌ಗೆ ಏನು ನಿಯಮ?

ಅಂಚೆ ಇಲಾಖೆ ಸರ್ಕಾರದ್ದಾದ್ದರಿಂದ 2007ರ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. 2024ರ ಜೂನ್‌ನಲ್ಲಿ ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯು, ನಿಯಮಗಳಲ್ಲಿ ಒಪ್ಪಿಕೊಂಡಷ್ಟು ಹೊಣೆಯನ್ನು ಬಿಟ್ಟು ಉಳಿದುದರಿಂದ ಇಲಾಖೆಗೆ ವಿನಾಯಿತಿ ಕೊಡುತ್ತದೆ. ಬೆಲೆಬಾಳುವ ವಸ್ತುವಾದರೆ ಅಲ್ಲಿ ವಿಮೆ ಮಾಡಿಸುವುದೇ ದಾರಿ. ಅಂತರರಾಷ್ಟ್ರೀಯ ವಿಮಾನ ಸಾಗಣೆಗೆ 1972ರ ವಿಮಾನ ಸಾಗಣೆ ಕಾಯ್ದೆಯ ಮೂಲಕ ಮಾಂಟ್ರಿಯಲ್ ಒಡಂಬಡಿಕೆ ಅನ್ವಯಿಸುತ್ತದೆ. ಅಲ್ಲಿ ಮಿತಿಯನ್ನು ತೂಕದ ಕಿಲೋ ಲೆಕ್ಕದಲ್ಲಿ ನಿಗದಿಪಡಿಸಲಾಗಿದೆ. ಕಳುಹಿಸುವಾಗ ವಿಶೇಷ ಮೌಲ್ಯವನ್ನು ಘೋಷಿಸಿ ಅದಕ್ಕೆ ಹೆಚ್ಚುವರಿ ಹಣ ಕಟ್ಟಿದ್ದರೆ ಮಾತ್ರ ಹೆಚ್ಚು ಸಿಗುತ್ತದೆ.

ಕಂಪನಿಯವರು 1,000 ರೂಪಾಯಿ ಕೊಟ್ಟು "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂದು ಸಹಿ ಕೇಳುತ್ತಿದ್ದಾರೆ. ಪಡೆಯಬಹುದೇ?

ಆ ಮೊತ್ತ ನಿಮಗೆ ಒಪ್ಪಿಗೆಯಾಗಿದ್ದರೆ ಪಡೆಯಬಹುದು. ಒಪ್ಪಿಗೆಯಿಲ್ಲದಿದ್ದರೆ ಆ ಕಾಗದಕ್ಕೆ ಸಹಿ ಹಾಕಬಾರದು, ಏಕೆಂದರೆ ಅದರ ನಂತರ ಹೆಚ್ಚಿನ ಮೊತ್ತ ಕೇಳಿದಾಗ ಕಂಪನಿ ಮೊದಲು ತೋರಿಸುವುದೇ ಅದನ್ನು. ಕೇಳದೆಯೇ ಹಣವನ್ನು ಖಾತೆಗೆ ಹಾಕಿದ್ದರೆ, ಅದನ್ನು ಭಾಗಶಃ ಪಾವತಿಯಾಗಿ ಮಾತ್ರ ಸ್ವೀಕರಿಸಿದ್ದೇನೆ, ಉಳಿದ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ ಎಂದು ಅದೇ ದಿನ ಇ-ಮೇಲ್ ಕಳುಹಿಸಬೇಕು. ಮೂಲ ರಸೀದಿಯನ್ನು ಹಿಂದಿರುಗಿಸಿದರೆ ಮಾತ್ರ ಹಣ ಕೊಡುತ್ತೇವೆ ಎಂದರೆ ನಕಲು ಪ್ರತಿಯನ್ನಷ್ಟೇ ಕೊಡಿ. 180 ದಿನಗಳು ಎಂದಿನಿಂದ ಎಣಿಕೆಯಾಗುತ್ತವೆ ಎಂಬುದಕ್ಕೆ ನಿಮ್ಮ ಕೈಯಲ್ಲಿರುವ ಮುಖ್ಯ ಪುರಾವೆ ಆ ರಸೀದಿಯ ಮೇಲಿನ ದಿನಾಂಕ.